ಐದೇ ದಿನದಲ್ಲಿ ಬೆಳೆ ಸೊರಗಿತೇ?

ಪ್ರಶ್ನೆ: ನಾನು ಬಿ.ಎಸ್ಸಿ. ಕೃಷಿ ಕೊನೆಯ ವರ್ಷದ ವಿದ್ಯಾರ್ಥಿನಿ. ಹಾವೇರಿ ಕಡೆಯ ಒಂದು ಮೆಕ್ಕೆಜೋಳದ ಹೊಲವನ್ನು ಸೆಂಟಿನೆಲ್-2 ಉಪಗ್ರಹದ ಚಿತ್ರಗಳಲ್ಲಿ ಗಮನಿಸುತ್ತಿದ್ದೇನೆ. ಆಗಸ್ಟ್‌ನ ಒಂದು ಚಿತ್ರದಲ್ಲಿ ಎನ್‌ಡಿವಿಐ 0.75 ಇತ್ತು, ಐದು ದಿನ ಬಿಟ್ಟು ಬಂದ ಚಿತ್ರದಲ್ಲಿ 0.50ಕ್ಕೆ ಇಳಿದಿದೆ. ಹೊಲದ ಯಜಮಾನರಿಗೆ ತಿಳಿಸಿದೆ. ಅವರೀಗ ಔಷಧಿ ಹೊಡೆಸಲು ಹೊರಟಿದ್ದಾರೆ. ನನ್ನ ಮಾತು ತಪ್ಪಾಗಿದ್ದರೆ ಅವರ ದುಡ್ಡು ಹಾಳು, ಸುಮ್ಮನಿದ್ದರೆ ಬೆಳೆ ಹಾಳು ಎಂಬ ಭಯ ಕಾಡುತ್ತಿದೆ.

ಉತ್ತರ: ನಿಮ್ಮ ಭಯ ಸಹಜವಾದದ್ದೇ. ನಿಮ್ಮ ಅಂಕಿ ನಂಬಿ ಒಬ್ಬರು ಹಣ ಖರ್ಚು ಮಾಡಲು ಹೊರಟಾಗ ಹಾಗೆ ಅನಿಸಬೇಕು. ಆದರೆ ಇದನ್ನು ತೀರ್ಮಾನಿಸುವ ದಾರಿ ನಿಮ್ಮ ಕೈಯಲ್ಲೇ ಇದೆ. ಯಜಮಾನರಿಗೆ ಇವತ್ತೊಂದು ದಿನ ತಡೆಯಲು ಹೇಳಿ.

ಎನ್‌ಡಿವಿಐ (ಬೆಳೆಯ ಹಸಿರನ್ನು ಅಳೆಯುವ ಸಸ್ಯ ಸೂಚ್ಯಂಕ) ಎರಡು ಅಳತೆಗಳಿಂದ ಹುಟ್ಟುತ್ತದೆ. ಆರೋಗ್ಯವಾಗಿರುವ ಎಲೆಯ ಪತ್ರಹರಿತ್ತು ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಸಮೀಪದ ಅವಕೆಂಪು ಬೆಳಕನ್ನು (ನಮ್ಮ ಕಣ್ಣಿಗೆ ಕಾಣದ, ಕೆಂಪಿನ ಆಚೆಯ ಬೆಳಕು) ಎಲೆಯ ಒಳರಚನೆ ಹಿಂದಕ್ಕೆ ಚದುರಿಸುತ್ತದೆ. ಅವಕೆಂಪಿನಿಂದ ಕೆಂಪನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿದರೆ ಸೂಚ್ಯಂಕ ಸಿಗುತ್ತದೆ. ಸೆಂಟಿನೆಲ್-2ರಲ್ಲಿ ಕೆಂಪು B4, ಅವಕೆಂಪು B8.

ಸೂಚ್ಯಂಕವನ್ನು ಸ್ವಲ್ಪ ಬದಿಗಿಟ್ಟು ಈ ಎರಡು ಅಳತೆಗಳನ್ನೇ ತೆರೆದು ನೋಡಿ. ಮೊದಲ ಚಿತ್ರದಲ್ಲಿ ಕೆಂಪಿನ ಪ್ರತಿಫಲನ (ಬಿದ್ದ ಬೆಳಕಿನಲ್ಲಿ ಹಿಂತಿರುಗಿದ ಪಾಲು) 0.05, ಅವಕೆಂಪಿನದು 0.35 ಎಂದಿಟ್ಟುಕೊಳ್ಳಿ. ವ್ಯತ್ಯಾಸ 0.30, ಮೊತ್ತ 0.40, ಭಾಗಿಸಿದರೆ 0.75. ಈಗ ಹೊಲದ ಮೇಲೆ ತೆಳು ಮೋಡದ ಪೊರೆ ಬಂತು ಎನ್ನೋಣ. ಬಿಳಿ ಮೋಡ ಎರಡೂ ಬಣ್ಣಗಳ ಬೆಳಕನ್ನು ಹೆಚ್ಚುಕಡಿಮೆ ಒಂದೇ ರೀತಿ ಹಿಂದಕ್ಕೆ ಕಳಿಸುತ್ತದೆ. ಎರಡಕ್ಕೂ 0.10 ಕೂಡಿದರೆ ಕೆಂಪು 0.15, ಅವಕೆಂಪು 0.45. ವ್ಯತ್ಯಾಸ ಮೊದಲಿನಂತೆ 0.30, ಮೊತ್ತ ಮಾತ್ರ 0.60ಕ್ಕೆ ಏರಿತು. ಉತ್ತರ 0.50. ಒಂದು ಎಲೆಯೂ ಬಾಡಿಲ್ಲ, ಆದರೂ ಸೂಚ್ಯಂಕ ನಿಮ್ಮ ಚಿತ್ರದಲ್ಲಿ ಕಂಡಷ್ಟೇ ಇಳಿಯಿತು.

ನಿಜವಾಗಿ ಬೆಳೆ ಕೆಟ್ಟಾಗ ಆಗುವುದು ಬೇರೆ. ಪತ್ರಹರಿತ್ತು ಕಡಿಮೆಯಾಗಿ ಕೆಂಪು ಏರುತ್ತದೆ, ಎಲೆ ಒಣಗಿ ಅಥವಾ ಉದುರಿ ಅವಕೆಂಪು ಇಳಿಯುತ್ತದೆ. ಕೆಂಪು 0.09, ಅವಕೆಂಪು 0.27 ಆದರೆ ಆಗಲೂ ಉತ್ತರ 0.50 ಬರುತ್ತದೆ. ಸೂಚ್ಯಂಕದಲ್ಲಿ ಈ ಎರಡು ಸ್ಥಿತಿಗಳಿಗೆ ಭೇದವಿಲ್ಲ, ಅಳತೆಗಳಲ್ಲಿ ಸ್ಪಷ್ಟವಾಗಿದೆ: ಎರಡೂ ಏರಿದ್ದರೆ ಮೋಡವನ್ನು ಶಂಕಿಸಿ, ಎರಡೂ ತಗ್ಗಿದ್ದರೆ ಮೋಡದ ನೆರಳನ್ನು. ಕೆಂಪು ಏರಿ ಅವಕೆಂಪು ಇಳಿದಿದ್ದರೆ ಮಾತ್ರ ಹೊಲದತ್ತ ಹೆಜ್ಜೆ ಹಾಕಿ.

ಇನ್ನೆರಡು ಸಾಕ್ಷಿಗಳನ್ನೂ ಕೇಳಿ. ನೀಲಿ ಅಳತೆ (B2) ದಟ್ಟ ಹಸಿರಿನ ಮೇಲೆ ತೀರಾ ಕಡಿಮೆ ಇರುತ್ತದೆ. ಅದು ಒಮ್ಮೆಗೇ ಏರಿದ್ದರೆ ಮೋಡದ ಶಂಕೆ ಗಟ್ಟಿಯಾಗುತ್ತದೆ. ಜೊತೆಗೆ ಪಕ್ಕದಲ್ಲಿ ಮಾವಿನ ತೋಪಿದ್ದರೆ ಅದನ್ನೂ ನೋಡಿ. ಮೆಕ್ಕೆಜೋಳದ ರೋಗ ಮಾವಿಗೆ ಬರುವುದಿಲ್ಲ. ಎರಡರ ಸೂಚ್ಯಂಕವೂ ಕುಸಿದಿದ್ದರೆ ಕಾರಣ ಆಕಾಶದಲ್ಲಿದೆ. ಚಿತ್ರದ ಜೊತೆ ಬರುವ SCL ಪದರ (ಎಲ್ಲೆಲ್ಲಿ ಮೋಡ, ನೆರಳು ಇವೆ ಎಂದು ಗುರುತಿಸಿದ ನಕ್ಷೆ) ನೆರವಿಗಿದೆ. ಅದರಲ್ಲಿ 3 ಅಂದರೆ ನೆರಳು, 8 ಮತ್ತು 9 ಮೋಡ, 10 ಎತ್ತರದ ತೆಳು ಮೋಡ. ಆದರೆ ಪೊರೆಯಂಥ ಮೋಡವನ್ನು ಅದು ಎಷ್ಟೋ ಸಲ ಬಿಟ್ಟುಬಿಡುತ್ತದೆ. ಹಾಗಾಗಿ ಅದನ್ನೊಂದೇ ನೆಚ್ಚಬೇಡಿ.

ಇಷ್ಟೆಲ್ಲ ನೋಡಿಯೂ ಹೊಲದ ಮೇಲೆಯೇ ಅನುಮಾನ ಉಳಿದರೆ ಯಜಮಾನರ ಜೊತೆ ಹೋಗಿ ಗಿಡದ ಸುಳಿ ಬಿಡಿಸಿ. ಎಲೆಯಲ್ಲಿ ತೂತು, ಸುಳಿಯೊಳಗೆ ಮರದ ಹೊಟ್ಟಿನಂಥ ಹಿಕ್ಕೆ ಕಂಡರೆ ಸೈನಿಕ ಹುಳು. ಕೆಳಗಿನ ಎಲೆಗಳ ಮೇಲೆ ದೋಣಿಯಾಕಾರದ ಉದ್ದನೆಯ ಬೂದು ಮಚ್ಚೆಗಳಿದ್ದರೆ ಎಲೆ ಅಂಗಮಾರಿ. ಒಂದು ಹುಳುವಿನ ಬಾಧೆ, ಇನ್ನೊಂದು ಶಿಲೀಂಧ್ರದ್ದು; ಎರಡಕ್ಕೂ ಔಷಧಿ ಬೇರೆ ಬೇರೆ. ಯಾವುದು ಎಂದು ಸೂಚ್ಯಂಕ ಎಂದೂ ಹೇಳುವುದಿಲ್ಲ.

ಪ್ರಶ್ನೆ: ಒಂದೇ ಹೊಲದ 2021ರ ಮತ್ತು 2023ರ ಎನ್‌ಡಿವಿಐ ಹೋಲಿಸುತ್ತಿದ್ದೇನೆ. ಎರಡೂ ಚಿತ್ರಗಳಲ್ಲಿ ಒಂದು ಚೂರೂ ಮೋಡವಿಲ್ಲ. ಆದರೂ 2023ರಲ್ಲಿ ಎಲ್ಲ ಹೊಲಗಳೂ ಬಡವಾಗಿ ಕಾಣುತ್ತಿವೆ. ಪ್ರಬಂಧ ಒಪ್ಪಿಸುವ ದಿನ ಹತ್ತಿರ ಬಂದಿದೆ, ಮಾಡಿದ ಕೆಲಸವೆಲ್ಲ ವ್ಯರ್ಥವಾಯಿತೇ?

ಉತ್ತರ: ಇಲ್ಲ, ವ್ಯರ್ಥವಾಗಿಲ್ಲ. ಬಹುಪಾಲು ಇದು ಒಂದು ಕಳೆಯುವ ಲೆಕ್ಕ ಬಿಟ್ಟುಹೋದದ್ದು.

2022ರ ಜನವರಿ 25ರಿಂದ ಸೆಂಟಿನೆಲ್-2ರ ಚಿತ್ರಗಳನ್ನು ಸಿದ್ಧಪಡಿಸುವ ಕ್ರಮ ಬದಲಾಯಿತು. ಆ ಮೇಲೆ ಸಿದ್ಧಪಡಿಸಿದ ಚಿತ್ರಗಳ ಪ್ರತಿ ಅಳತೆಗೂ 1000 ಕೂಡಿಸಿರುತ್ತಾರೆ. ನಾವು ಆ 1000 ಕಳೆದು, 10000ದಿಂದ ಭಾಗಿಸಿದರೆ ಪ್ರತಿಫಲನ ಸಿಗುತ್ತದೆ. ಕಳೆಯದಿದ್ದರೆ ಏನಾಗುತ್ತದೆ? ಕಡತದಲ್ಲಿ ಕೆಂಪು 1500, ಅವಕೆಂಪು 4500 ಇದ್ದರೆ 0.50 ಬರುತ್ತದೆ, ಕಳೆದರೆ 500 ಮತ್ತು 3500 ಆಗಿ 0.75 ಬರುತ್ತದೆ. ಮೇಲಿನ ಪತ್ರದ ತೆಳು ಮೋಡ ಮಾಡಿದ್ದನ್ನೇ ಇಲ್ಲಿ ಈ 1000 ಮಾಡಿದೆ.

ವರ್ಷ ನೋಡಿ ನಿರ್ಧರಿಸಬೇಡಿ, ಏಕೆಂದರೆ ಹಳೆಯ ಚಿತ್ರಗಳನ್ನೂ ಹೊಸ ಕ್ರಮದಲ್ಲಿ ಮತ್ತೆ ಸಿದ್ಧಪಡಿಸಿದ್ದಾರೆ. ಕಡತದ ಹೆಸರಿನಲ್ಲಿ N ಅಕ್ಷರದ ಮುಂದಿರುವ ಅಂಕಿ 0400 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕಳೆಯಬೇಕು. ಛೇದದಿಂದ ಮಾತ್ರ ಕಳೆದರೆ ಸಾಕು, ಅಂಶದಲ್ಲಿ ಅದು ತಾನಾಗಿ ಹೊಡೆದುಹೋಗುತ್ತದೆ:

```
("B08@1" - "B04@1") / ("B08@1" + "B04@1" - 2000)
```

ಗೂಗಲ್ ಅರ್ಥ್ ಎಂಜಿನ್‌ನ `COPERNICUS/S2_SR_HARMONIZED` ಸಂಗ್ರಹ ಬಳಸುವವರು ಇದನ್ನು ಮಾಡಬಾರದು. ಅಲ್ಲಿ ಮೊದಲೇ ಸರಿಪಡಿಸಿದ್ದಾರೆ. ಮತ್ತೆ ಕಳೆದರೆ ಸೂಚ್ಯಂಕ ಇಲ್ಲದ ಎತ್ತರಕ್ಕೆ ಏರುತ್ತದೆ.

ಪ್ರಶ್ನೆ: ಗಂಗಾವತಿ ಹತ್ತಿರ ನಮ್ಮ ಭತ್ತದ ಗದ್ದೆಯ ಒಂದು ಮೂಲೆ ತಿಳಿಹಳದಿಯಾಗಿದೆ. ಎನ್‌ಡಿವಿಐ ನಕ್ಷೆಯಲ್ಲಿ ಆ ಮೂಲೆಯೂ ಉಳಿದ ಗದ್ದೆಯೂ 0.85. ನನ್ನ ಕಣ್ಣು ನಂಬಲೇ, ನಕ್ಷೆ ನಂಬಲೇ?

ಉತ್ತರ: ನಿಮ್ಮ ಕಣ್ಣನ್ನು ನಂಬಿ. ಪೈರು ನೆಲ ಮುಚ್ಚಿ ದಟ್ಟವಾದ ಮೇಲೆ ಎನ್‌ಡಿವಿಐ ಹೆಚ್ಚು ಕದಲುವುದಿಲ್ಲ. ಕೆಂಪು ಬೆಳಕನ್ನು ಹೀರಲು ಸ್ವಲ್ಪ ಪತ್ರಹರಿತ್ತೇ ಸಾಕು. ಅದರ ಒಂದು ಪಾಲು ಕಡಿಮೆಯಾದರೂ ಕೆಂಪಿನ ಅಳತೆ ಬಹುತೇಕ ಅಷ್ಟೇ ಇರುತ್ತದೆ. ಅದೂ ಅಲ್ಲದೆ ಸಾರಜನಕದ ಕೊರತೆ ಮೊದಲು ತೋರುವುದು ಕೆಳಗಿನ ಎಲೆಗಳಲ್ಲಿ, ಉಪಗ್ರಹ ನೋಡುವುದು ಮೇಲಿನಿಂದ.

ಇಂಥಲ್ಲಿ ಕೆಂಪಂಚಿನ (ಕೆಂಪಿಗೂ ಅವಕೆಂಪಿಗೂ ನಡುವಿನ ಬೆಳಕು) ಅಳತೆ B5 ಬಳಸಿ. ಪತ್ರಹರಿತ್ತು ಈ ಬೆಳಕನ್ನು ಕಡಿಮೆ ಹೀರುವುದರಿಂದ ಅದು ಪೈರಿನೊಳಗೆ ಆಳಕ್ಕೆ ಇಳಿಯುತ್ತದೆ, ಹಸಿರಿನ ಹೆಚ್ಚುಕಡಿಮೆ ಗೊತ್ತಾಗುತ್ತದೆ. ಸೂತ್ರ ಹಳೆಯದೇ, B4ರ ಜಾಗದಲ್ಲಿ B5, B8ರ ಜಾಗದಲ್ಲಿ B8A. ಇವುಗಳ ಒಂದೊಂದು ಚೌಕ 20 ಮೀಟರ್ ಅಗಲ. ಆ ಮೂಲೆ ಅದಕ್ಕಿಂತ ಚಿಕ್ಕದಾಗಿದ್ದರೆ ಬದು, ಕಾಲುವೆ ಎಲ್ಲ ಸೇರಿಕೊಂಡು ಲೆಕ್ಕ ಕೆಡುತ್ತದೆ.

ಮೂಲೆ ಬೇರೆಯಾಗಿ ಕಂಡರೂ ತಕ್ಷಣ ಯೂರಿಯಾ ಚೀಲ ಬಿಚ್ಚಬೇಡಿ. ಸತುವಿನ ಕೊರತೆಯಾದರೂ, ನೀರು ನಿಂತರೂ ಪೈರು ಹಳದಿಯಾಗುತ್ತದೆ. ಎಲೆ ಬಣ್ಣದ ಪಟ್ಟಿ ಹಿಡಿದು ಗದ್ದೆಗಿಳಿಯಿರಿ, ಪಟ್ಟಿಯ ಮೇಲೆ ಬಿಸಿಲು ಬೀಳದಂತೆ ನಿಮ್ಮ ಮೈ ನೆರಳಿನಲ್ಲಿಟ್ಟು, ಪೂರ್ತಿ ಬಿಚ್ಚಿಕೊಂಡ ಮೇಲಿನ ಎಲೆಯ ನಡುಭಾಗವನ್ನು ಹೋಲಿಸಿ. ಹಳದಿ ಮೂಲೆಯ ಹತ್ತು ಗಿಡ, ಹಸಿರು ಕಡೆಯ ಹತ್ತು ಗಿಡ ನೋಡಿ ಬರೆದುಕೊಂಡರೆ, ಗೊಬ್ಬರ ಬೇಕೇ ಬೇಡವೇ ಎಂದು ನಿಮ್ಮ ಊರಿನ ಕೃಷಿ ಅಧಿಕಾರಿಗಳ ಬಳಿ ಕೇಳಲು ಕೈಯಲ್ಲಿ ಲೆಕ್ಕವಿರುತ್ತದೆ.