ಮಾರಾಟ ಹೆಚ್ಚಿತು, ಲಾಭವೇಕೆ ಇಳಿಯಿತು?

ಅಂಗಡಿಯ ಲೆಕ್ಕವನ್ನು ನೋಡುವಾಗ ನಾವು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ, “ಎಷ್ಟು ಮಾರಿತು?” ಎಂಬುದು. ಒಂದೇ ಬಗೆಯ ಸರಕನ್ನು ಮಾರುವ ಅಂಗಡಿಗೆ ಆ ಪ್ರಶ್ನೆ ಸಾಕು. ಆದರೆ ಬೇರೆ ಬೇರೆ ಲಾಭ ಕೊಡುವ ಹಲವು ಸರಕುಗಳನ್ನು ಮಾರುವಲ್ಲಿ “ಯಾವುದು ಎಷ್ಟು ಮಾರಿತು?” ಎಂದೂ ಕೇಳಬೇಕಾಗುತ್ತದೆ. ಈ ಎರಡು ಪ್ರಶ್ನೆಗಳ ಉತ್ತರಗಳನ್ನು ರೂಪಾಯಿಗಳಲ್ಲಿ ಬೇರ್ಪಡಿಸಿ ತೋರಿಸುವ ರೀತಿಯನ್ನು ಒಂದು ಉದಾಹರಣೆಯಿಂದ ತಿಳಿಯೋಣ.

ಸೊಲ್ಲಾಪುರದಲ್ಲಿ ಚಾದರ, ಟವೆಲು, ಕೈವಸ್ತ್ರಗಳನ್ನು ಮಾರುವ ಒಂದು ಅಂಗಡಿಯನ್ನು ಕಲ್ಪಿಸಿಕೊಳ್ಳೋಣ. ಸಂಕ್ರಾಂತಿಯ ಸಮಯದಲ್ಲಿ ಸಿದ್ಧೇಶ್ವರ ಜಾತ್ರೆ ನಡೆಯುವ ತಿಂಗಳಿಗಾಗಿ ಅಂಗಡಿಯ ಯಜಮಾನರು ಮುಂಚಿತವಾಗಿ ಒಂದು ಅಂದಾಜನ್ನು ಬರೆದಿಟ್ಟಿದ್ದರು. ತಿಂಗಳು ಮುಗಿದ ಮೇಲೆ ನಿಜವಾದ ಮಾರಾಟವನ್ನು ಅದರ ಪಕ್ಕದಲ್ಲಿ ಬರೆದರು. ನಗವೊಂದರ ಲಾಭವೆಂದರೆ ಮಾರುವ ಬೆಲೆಯಲ್ಲಿ ಕೊಂಡ ಬೆಲೆಯನ್ನು ಕಳೆದು ಉಳಿದದ್ದು. ಅಂಗಡಿಯ ಬಾಡಿಗೆ, ದೀಪದ ಖರ್ಚು ಮೊದಲಾದವು ನಗಗಳ ಸಂಖ್ಯೆಯೊಡನೆ ಏರಿಳಿಯುವುದಿಲ್ಲವಾದುದರಿಂದ ಅವನ್ನು ಇಲ್ಲಿ ಸೇರಿಸಿಲ್ಲ.

| ಸರಕು | ಮಾರುವ ಬೆಲೆ (ರೂ.) | ನಗಕ್ಕೆ ಲಾಭ (ರೂ.) | ಅಂದಾಜು ನಗ | ಮಾರಿದ ನಗ |
|---|---|---|---|---|
| ಚಾದರ | 300 | 100 | 200 | 150 |
| ಟವೆಲು | 120 | 20 | 500 | 700 |
| ಕೈವಸ್ತ್ರ | 30 | 10 | 300 | 350 |
| ಒಟ್ಟು | | | 1,000 | 1,200 |

ಅಂದಾಜಿಗಿಂತ 200 ನಗಗಳು ಹೆಚ್ಚಾಗಿ ಮಾರಿದವು. ಮಾರಾಟದ ಹಣವೂ 1,29,000 ರೂಪಾಯಿಗಳಿಂದ 1,39,500 ರೂಪಾಯಿಗಳಿಗೆ ಏರಿತು. ಯಜಮಾನರು ಸಂತೋಷಗೊಂಡು, ಮುಂದಿನ ಬಾರಿ ಚಾದರಗಳಿಗೆ ಹಾಕುವ ಹಣವನ್ನೂ ಟವೆಲಿಗೇ ಹಾಕುವುದೆಂದೂ, ಮಾರುವ ಹುಡುಗರಿಗೆ ನಗಕ್ಕೆ ಇಷ್ಟೆಂದು ಬಹುಮಾನ ಕೊಡುವುದೆಂದೂ ನಿಶ್ಚಯಿಸುವುದರಲ್ಲಿದ್ದರು. ಅಷ್ಟರಲ್ಲಿ ಗುಮಾಸ್ತರು ಲಾಭದ ಲೆಕ್ಕವನ್ನು ಮುಂದಿಟ್ಟರು. ಅಂದಾಜಿನ ಲಾಭ 20,000, 10,000 ಮತ್ತು 3,000 ಸೇರಿ 33,000 ರೂಪಾಯಿ. ಬಂದ ಲಾಭ 15,000, 14,000 ಮತ್ತು 3,500 ಸೇರಿ 32,500 ರೂಪಾಯಿ ಮಾತ್ರ. ಬೆಲೆಗಳಲ್ಲಿ ಯಾವ ಬದಲಾವಣೆಯೂ ಆಗಿರಲಿಲ್ಲ. ಆದರೂ 500 ರೂಪಾಯಿ ಕಡಮೆಯಾಗಿತ್ತು.

ಈ 500 ರೂಪಾಯಿಗೆ ‘ಮಾರಾಟ ಪರಿಮಾಣದ ವ್ಯತ್ಯಾಸ’ ಎಂದು ಹೆಸರು. ಪ್ರತಿಯೊಂದು ಸರಕಿನಲ್ಲಿಯೂ ಮಾರಿದ ನಗಗಳಿಂದ ಅಂದಾಜಿನ ನಗಗಳನ್ನು ಕಳೆದು, ಶೇಷವನ್ನು ಅಂದಾಜಿನ ಲಾಭದಿಂದ ಗುಣಿಸಿದರೆ ಇದು ಸಿಗುತ್ತದೆ. ಚಾದರದಲ್ಲಿ 5,000 ನಷ್ಟ, ಟವೆಲಿನಲ್ಲಿ 4,000 ಹೆಚ್ಚಳ, ಕೈವಸ್ತ್ರದಲ್ಲಿ 500 ಹೆಚ್ಚಳ. ಕೂಡಿದರೆ 500 ಪ್ರತಿಕೂಲ. ಇಲ್ಲಿ ಅಂದಾಜಿನ ಲಾಭವನ್ನೇ ಬಳಸತಕ್ಕದ್ದು. ಯಾವುದಾದರೂ ಸರಕನ್ನು ಬೆಲೆ ಇಳಿಸಿ ಮಾರಿದ್ದರೆ ಆ ನಷ್ಟವು ಬೆಲೆಯ ವ್ಯತ್ಯಾಸವೆಂದು ಬೇರೆಯಾಗಿ ಎಣಿಸಲ್ಪಡುತ್ತದೆ. ಎರಡನ್ನೂ ಬೆರೆಸಿದರೆ ಯಾವ ದೋಷ ಎಲ್ಲಿಯದೆಂದು ತಿಳಿಯದು.

ಈಗ ಈ 500 ರೂಪಾಯಿಯನ್ನು ಒಡೆದು ನೋಡೋಣ. ಇದರೊಳಗೆ ಎರಡು ಶಕ್ತಿಗಳು ವಿರುದ್ಧ ದಿಕ್ಕುಗಳಲ್ಲಿ ಎಳೆದಾಡಿವೆ.

ಮೊದಲನೆಯದು ಒಟ್ಟು ಸಂಖ್ಯೆಯ ಪ್ರಭಾವ. ಅಂದಾಜಿನಲ್ಲಿ 1,000 ನಗಗಳಿಗೆ 33,000 ರೂಪಾಯಿ ಲಾಭವಿದ್ದುದರಿಂದ ನಗವೊಂದರ ಸರಾಸರಿ ಲಾಭ 33 ರೂಪಾಯಿ. ಹೆಚ್ಚಾಗಿ ಮಾರಿದ 200 ನಗಗಳೂ ಅಂದಾಜಿನ ಪ್ರಮಾಣದಲ್ಲಿಯೇ ಮಾರಿದ್ದರೆ 200 × 33, ಅಂದರೆ 6,600 ರೂಪಾಯಿ ಹೆಚ್ಚು ಲಾಭ ಬರುತ್ತಿತ್ತು. ಇದು ‘ಸಂಖ್ಯೆಯ ವ್ಯತ್ಯಾಸ’. ಇಲ್ಲಿ ಅದು ಅನುಕೂಲವಾದುದು.

ಎರಡನೆಯದು ಮಿಶ್ರಣದ ಪ್ರಭಾವ. ಅಂದಾಜಿನಂತೆ ನೂರು ನಗಗಳಲ್ಲಿ 20 ಚಾದರ, 50 ಟವೆಲು, 30 ಕೈವಸ್ತ್ರ ಇರಬೇಕಾಗಿತ್ತು. ಆ ಪ್ರಮಾಣದಲ್ಲಿ 1,200 ನಗಗಳನ್ನು ಹಂಚಿದರೆ 240 ಚಾದರ, 600 ಟವೆಲು, 360 ಕೈವಸ್ತ್ರ ಆಗುತ್ತವೆ. ನಿಜವಾಗಿ ಮಾರಿದವು 150, 700 ಮತ್ತು 350. ಚಾದರದಲ್ಲಿ 90 ಕಡಮೆ, 9,000 ರೂಪಾಯಿ ನಷ್ಟ. ಟವೆಲಿನಲ್ಲಿ 100 ಹೆಚ್ಚು, 2,000 ರೂಪಾಯಿ ಲಾಭ. ಕೈವಸ್ತ್ರದಲ್ಲಿ 10 ಕಡಮೆ, 100 ರೂಪಾಯಿ ನಷ್ಟ. ಕೂಡಿದರೆ 7,100 ರೂಪಾಯಿ ಪ್ರತಿಕೂಲ. ಇದೇ ‘ಮಿಶ್ರಣದ ವ್ಯತ್ಯಾಸ’. 6,600 ಅನುಕೂಲದಿಂದ 7,100 ಪ್ರತಿಕೂಲವನ್ನು ಕಳೆದರೆ ಅದೇ 500 ಪ್ರತಿಕೂಲ ಉಳಿಯುತ್ತದೆ. ಹೀಗೆ ಎರಡೂ ಕೂಡಿ ಮೊದಲಿನ ಮೊತ್ತಕ್ಕೆ ಸರಿಹೊಂದದಿದ್ದರೆ ಲೆಕ್ಕದಲ್ಲಿ ತಪ್ಪಿದೆಯೆಂದು ತಿಳಿಯಬೇಕು.

ವಿದ್ಯಾರ್ಥಿಗಳು ಇಲ್ಲಿ ಎಡವುವ ಒಂದು ಸ್ಥಳವುಂಟು. ಕೈವಸ್ತ್ರಗಳು ಅಂದಾಜಿಗಿಂತ 50 ಹೆಚ್ಚಾಗಿ ಮಾರಿದ್ದರೂ ಮಿಶ್ರಣದಲ್ಲಿ ಅವು ಕಡಮೆಯೆಂದು ಕಾಣುತ್ತವೆ. ಸಂಖ್ಯೆ ಹೆಚ್ಚಿದರೂ ಒಟ್ಟಿನಲ್ಲಿ ಅವುಗಳ ಪಾಲು ಇಳಿದುದೇ ಇದಕ್ಕೆ ಕಾರಣ. ಟವೆಲಿನ 2,000 ರೂಪಾಯಿಯನ್ನು ನೋಡಿ ಮಿಶ್ರಣಕ್ಕೆ ಟವೆಲಿನಿಂದ ಒಳಿತಾಯಿತೆಂದು ತಿಳಿಯುವುದೂ ಸರಿಯಲ್ಲ. ಟವೆಲಿನ ಲಾಭ 20 ರೂಪಾಯಿ. ಸರಾಸರಿ 33 ರೂಪಾಯಿ. ಸರಾಸರಿಗಿಂತ ಕಡಮೆ ಲಾಭದ ಸರಕಿನ ಪಾಲು ಏರಿದರೆ ಇಡೀ ಅಂಗಡಿಯ ಸರಾಸರಿ ಇಳಿಯುತ್ತದೆ. ಆದುದರಿಂದ ಪ್ರತಿಯೊಂದು ಸರಕನ್ನು ಕುರಿತು ತೀರ್ಮಾನಿಸುವಾಗ ಅದರ ಲಾಭದಿಂದ ಸರಾಸರಿಯನ್ನು ಕಳೆದು ಗುಣಿಸುವುದು ಮೇಲು. ಆಗ ಚಾದರದಲ್ಲಿ 6,030 ಪ್ರತಿಕೂಲ, ಟವೆಲಿನಲ್ಲಿ 1,300 ಪ್ರತಿಕೂಲ, ಕೈವಸ್ತ್ರದಲ್ಲಿ 230 ಅನುಕೂಲ ಎಂದಾಗುತ್ತದೆ. ಒಟ್ಟು ಮೊತ್ತ ಮಾತ್ರ ಅದೇ 7,100.

ಇಷ್ಟು ತಿಳಿದ ಬಳಿಕವೂ ಲೆಕ್ಕವು ಕಾರಣವನ್ನು ಹೇಳುವುದಿಲ್ಲ. ಅದು ಎಲ್ಲಿ ಹುಡುಕಬೇಕೆಂಬುದನ್ನು ಮಾತ್ರ ತೋರಿಸುತ್ತದೆ. ನಮ್ಮ ಯಜಮಾನರು ಮೊದಲು ತೆರೆಯಬೇಕಾದುದು ದಾಸ್ತಾನು ಪುಸ್ತಕವನ್ನು. ತಿಂಗಳ ನಡುವೆಯೇ ಚಾದರಗಳು ತೀರಿಹೋಗಿ, ಮಗ್ಗದಿಂದ ಹೊಸ ಸರಕು ತಡವಾಗಿ ಬಂದಿದ್ದರೆ ದೋಷವು ಖರೀದಿಯದು. ಟವೆಲಿಗೆ ಹೆಚ್ಚು ಹಣ ಹಾಕಿದರೆ ಅದು ಇನ್ನೂ ಬೆಳೆಯುವುದು. ಚಾದರಗಳು ಕಪಾಟಿನಲ್ಲಿಯೇ ಉಳಿದಿದ್ದರೆ ಗಿರಾಕಿಗಳಿಗೆ ಬೆಲೆ ಒಗ್ಗಲಿಲ್ಲವೋ, ಮಾರುವವರು ತೋರಿಸಲಿಲ್ಲವೋ ಎಂದು ವಿಚಾರಿಸಬೇಕು. ನಗಕ್ಕೆ ಇಷ್ಟೆಂದು ಬಹುಮಾನವಿತ್ತರೆ ಸುಲಭವಾಗಿ ಮಾರುವ ಟವೆಲನ್ನೇ ಹುಡುಗರು ಮುಂದಿಡುವುದು ಸಹಜ. ಬಹುಮಾನವನ್ನು ಲಾಭದ ಮೇಲೆ ಇಟ್ಟರೆ ಐದು ಟವೆಲುಗಳಿಗೆ ಒಂದು ಚಾದರ ಸಮವೆಂಬುದು ಅವರಿಗೂ ತಿಳಿದೀತು.

ಎರಡು ಎಚ್ಚರಿಕೆಗಳನ್ನು ಹೇಳಬೇಕು. ಮಿಶ್ರಣದ ಲೆಕ್ಕಕ್ಕೆ ಎಲ್ಲ ಸರಕುಗಳನ್ನೂ ಕೂಡಿಸಬಲ್ಲ ಒಂದು ಅಳತೆ ಬೇಕು. ಕೈವಸ್ತ್ರಗಳನ್ನು ನಗಗಳಲ್ಲಿ ಎಣಿಸದೆ ಡಜನುಗಳಲ್ಲಿ ಎಣಿಸಿದರೆ ಸಂಖ್ಯೆ, ಮಿಶ್ರಣಗಳ ಮೊತ್ತಗಳೆರಡೂ ಬದಲಾಗುತ್ತವೆ; ಒಟ್ಟು 500 ಮಾತ್ರ ಬದಲಾಗದು. ಆದುದರಿಂದ ಒಮ್ಮೆ ಆರಿಸಿದ ಅಳತೆಯನ್ನು ತಿಂಗಳಿಂದ ತಿಂಗಳಿಗೆ ಬದಲಿಸಬಾರದು. ಇನ್ನೊಂದು, 240 ಚಾದರಗಳು ಮಾರಬೇಕಾಗಿತ್ತೆಂಬುದು ಲೆಕ್ಕದ ಕಲ್ಪನೆ. ಜಾತ್ರೆಗೆ ಬಂದವರಲ್ಲಿ ಅಷ್ಟು ಮಂದಿಗೆ ಚಾದರ ಬೇಕಾಗಿಯೇ ಇರಲಿಲ್ಲವಾದರೆ, ಟವೆಲು ಕೊಂಡವರು ಹೆಚ್ಚಿನ ಗಿರಾಕಿಗಳೇ ಹೊರತು ಚಾದರವನ್ನು ಬಿಟ್ಟವರಲ್ಲ. ಆಗ 7,100 ರೂಪಾಯಿಯನ್ನು ಯಾರ ಮೇಲೂ ತಪ್ಪೆಂದು ಹೊರಿಸಲಾಗದು.

ಅಭ್ಯಾಸ: ಒಂದು ಅಂಗಡಿಯಲ್ಲಿ 300 ನೋಟುಪುಸ್ತಕ (ಲಾಭ 5 ರೂ.), 100 ಲೇಖನಿ (ಲಾಭ 9 ರೂ.) ಮಾರುವ ಅಂದಾಜಿತ್ತು. ಮಾರಿದವು 420 ನೋಟುಪುಸ್ತಕ, 80 ಲೇಖನಿ. ಮೂರು ವ್ಯತ್ಯಾಸಗಳನ್ನೂ ಕಂಡುಹಿಡಿಯಿರಿ.

ಉತ್ತರ: ಸಂಖ್ಯೆ 600 ಅನುಕೂಲ, ಮಿಶ್ರಣ 180 ಪ್ರತಿಕೂಲ, ಪರಿಮಾಣ 420 ಅನುಕೂಲ.