ನಗರದ ಸಾಲ ಮತ್ತು ಅದರ ಮಿತಿ

ನಗರಪಾಲಿಕೆಯು ನೀರು, ಒಳಚರಂಡಿ, ವಿದ್ಯುತ್ತಿನಂತಹ ದೀರ್ಘಕಾಲದ ಕಾಮಗಾರಿಗಳಿಗಾಗಿ ನಿಗದಿತ ಬಡ್ಡಿ ಕೊಡುವುದಾಗಿ ಒಪ್ಪಿ ಹೂಡಿಕೆದಾರರಿಂದ ಸಾಲ ಎತ್ತುವಾಗ ನೀಡುವ ಪತ್ರವನ್ನು ಮುನ್ಸಿಪಲ್ ಬಾಂಡ್ ಎನ್ನುತ್ತಾರೆ. ಭಾರತದಲ್ಲಿ ಇದಕ್ಕೆ ಮೊದಲು ಕೈಹಾಕಿದ್ದು ಬೆಂಗಳೂರು ಮಹಾನಗರ ಪಾಲಿಕೆ. 1997ರಲ್ಲಿ ಅದು 125 ಕೋಟಿ ರೂಪಾಯಿಯನ್ನು ರಾಜ್ಯ ಸರ್ಕಾರದ ಖಾತರಿಯೊಡನೆ ಎತ್ತಿತು. ಮರುವರ್ಷ ಅಹಮದಾಬಾದ್ ಪಾಲಿಕೆ ಅಂತಹ ಖಾತರಿಯಿಲ್ಲದೆ, ತನ್ನ ಸ್ವಂತ ವರಮಾನದ ಬಲದ ಮೇಲೆಯೇ 100 ಕೋಟಿ ರೂಪಾಯಿ ಪಡೆಯಿತು. ಖಾತರಿ ಇಲ್ಲದಿದ್ದಾಗ ಹೂಡಿಕೆದಾರರ ಹಣಕ್ಕೆ ಆಸರೆ ಯಾವುದು ಎಂಬ ಪ್ರಶ್ನೆ ಅಲ್ಲಿಂದಲೇ ಮುಖ್ಯವಾಗುತ್ತದೆ.

2023ರ ಫೆಬ್ರುವರಿಯಲ್ಲಿ ಇಂದೋರ್ ಪಾಲಿಕೆಯು ಜಲೂದ್ ಎಂಬಲ್ಲಿ ಸೌರ ವಿದ್ಯುತ್ ಘಟಕ ಸ್ಥಾಪಿಸಲು 244 ಕೋಟಿ ರೂಪಾಯಿಯ ಬಾಂಡುಗಳನ್ನು ಜನಸಾಮಾನ್ಯರಿಗೂ ತೆರೆದಿಟ್ಟಿತು. ಬಡ್ಡಿ ಶೇ 8.25, ಆರು ತಿಂಗಳಿಗೊಮ್ಮೆ ಪಾವತಿ, ಕನಿಷ್ಠ ಹೂಡಿಕೆ 10,000 ರೂಪಾಯಿ. ಪ್ರತಿ ಸಾವಿರ ರೂಪಾಯಿಯ ಬಾಂಡು 250 ರೂಪಾಯಿಯ ನಾಲ್ಕು ಭಾಗಗಳಾಗಿದ್ದು, ಅವು ಕ್ರಮವಾಗಿ ಮೂರು, ಐದು, ಏಳು ಮತ್ತು ಒಂಬತ್ತನೆಯ ವರ್ಷದ ಕೊನೆಗೆ ಮರಳುತ್ತವೆ. ಹೀಗಾಗಿ 10,000 ರೂಪಾಯಿ ತೊಡಗಿಸಿದವರಿಗೆ ಮೊದಲ ಮೂರು ವರ್ಷ ಅರ್ಧವಾರ್ಷಿಕವಾಗಿ ಸುಮಾರು 412 ರೂಪಾಯಿ ಬಡ್ಡಿ ಬರುತ್ತದೆ. 2,500 ರೂಪಾಯಿ ಅಸಲು ಮರಳಿದ ಮೇಲೆ ಅದು ಸುಮಾರು 309 ರೂಪಾಯಿಗೆ ಇಳಿಯುತ್ತದೆ. ಒಂಬತ್ತು ವರ್ಷಗಳ ಠೇವಣಿಯೆಂದು ಭಾವಿಸಿ ಇಂತಹ ಬಾಂಡನ್ನು ಕೊಂಡವರು, ನಡುವೆ ಮರಳುವ ಅಸಲನ್ನು ಆಗಿನ ಬಡ್ಡಿದರಕ್ಕೆ ಮತ್ತೆ ತೊಡಗಿಸಬೇಕಾಗುತ್ತದೆ ಎಂಬುದನ್ನು ಮರೆಯುವುದನ್ನು ಅಂಕಣಕಾರರು ತಮ್ಮ ಆಪ್ತವಲಯದಲ್ಲಿಯೇ ಕಂಡಿದ್ದಾರೆ.

ಇಂತಹ ಬಾಂಡುಗಳ ನಿಜವಾದ ರಕ್ಷಣೆ ಇರುವುದು ಎಸ್ಕ್ರೋ ಖಾತೆಯಲ್ಲಿ. ಪಾಲಿಕೆಗೆ ಬರುವ ಆಸ್ತಿ ತೆರಿಗೆ ಮುಂತಾದ ಗೊತ್ತುಪಡಿಸಿದ ವರಮಾನವು ಮೊದಲು ಈ ಪ್ರತ್ಯೇಕ ಖಾತೆಗೆ ಜಮೆಯಾಗಿ, ಬಡ್ಡಿಗೆ ಮತ್ತು ಅಸಲು ತೀರಿಸುವ ನಿಧಿಗೆ ಬೇಕಾದ ಕಂತನ್ನು ಎತ್ತಿಟ್ಟ ನಂತರವಷ್ಟೇ ಉಳಿದದ್ದು ಪಾಲಿಕೆಯ ದೈನಂದಿನ ಖರ್ಚಿಗೆ ದೊರೆಯುತ್ತದೆ. ಪಾಲಿಕೆಯ ಆಡಳಿತ ಬದಲಾದರೂ, ಸಂಬಳಕ್ಕೆ ಹಣ ಸಾಲದೆ ಬಂದರೂ ಈ ಕ್ರಮವನ್ನು ಮೀರುವಂತಿಲ್ಲ. ಇದರ ಜೊತೆಗೆ, ಸಾಲ ಎತ್ತಲು ರಾಜ್ಯ ಸರ್ಕಾರದ ಅನುಮತಿ ಬೇಕು. ಬಾಂಡುಗಳನ್ನು ಷೇರು ವಿನಿಮಯ ಕೇಂದ್ರದಲ್ಲಿ ನೋಂದಾಯಿಸುವುದಾದರೆ ಸೆಬಿಯ 2015ರ ನಿಯಮಾವಳಿಗೂ ಒಳಪಡಬೇಕು. ಅದರ ಪ್ರಕಾರ ಹಿಂದಿನ 365 ದಿನಗಳಲ್ಲಿ ಸಾಲ ಮರುಪಾವತಿಗೆ ತಪ್ಪಿದ ಪಾಲಿಕೆ ಬಾಂಡು ಹೊರಡಿಸುವಂತಿಲ್ಲ.

ಆದರೆ ಸಾಲಕ್ಕೆ ಮಿತಿ ಹಾಕಿದ ಮಾತ್ರಕ್ಕೆ ನಗರ ಕ್ಷೇಮವಾಗಿರುತ್ತದೆ ಎನ್ನಲಾಗದು. ಯಾವುದನ್ನು ಸಾಲವೆಂದು ಎಣಿಸಲಾಗುತ್ತದೆ ಎಂಬುದೇ ಅಲ್ಲಿ ನಿರ್ಣಾಯಕ. ನ್ಯೂಯಾರ್ಕ್ ರಾಜ್ಯದ ಸಂವಿಧಾನವು ನ್ಯೂಯಾರ್ಕ್ ನಗರದ ಸಾಲವನ್ನು ತೆರಿಗೆಗೆ ಒಳಪಡುವ ಸ್ಥಿರಾಸ್ತಿಯ ಐದು ವರ್ಷಗಳ ಸರಾಸರಿ ಮೌಲ್ಯದ ಶೇ 10ಕ್ಕೆ ಸೀಮಿತಗೊಳಿಸಿದೆ. ಹಾಗಿದ್ದೂ, ಮುಂದೆ ಬರಲಿರುವ ತೆರಿಗೆ ಮತ್ತು ಅನುದಾನಗಳನ್ನು ತೋರಿಸಿ ಪಡೆಯುವ ಅಲ್ಪಾವಧಿ ಸಾಲ ಆ ಮಿತಿಯ ಹೊರಗಿದ್ದುದರಿಂದ, ನಗರವು 1970ರ ದಶಕದ ಆರಂಭದಲ್ಲಿ ಸಂಬಳ ಮತ್ತಿತರ ನಿತ್ಯದ ಖರ್ಚಿಗೂ ಆ ದಾರಿಯನ್ನೇ ಹಿಡಿದು, ಹಳೆಯ ಪತ್ರಗಳನ್ನು ಹೊಸ ಪತ್ರಗಳಿಂದ ತೀರಿಸುತ್ತಾ ಸಾಗಿತು. 1975ರ ವಸಂತದಲ್ಲಿ ಬ್ಯಾಂಕುಗಳು ಹೊಸ ಪತ್ರಗಳನ್ನು ಕೊಳ್ಳಲು ಹಿಂಜರಿದೊಡನೆ ಹಣದ ಹರಿವು ನಿಂತಿತು. ರಾಜ್ಯವು ಪ್ರತ್ಯೇಕ ನಿಗಮವೊಂದನ್ನು ಸ್ಥಾಪಿಸಿ ನಗರದ ಪರವಾಗಿ ಸಾಲ ಎತ್ತಬೇಕಾಯಿತು, ನಗರದ ಹಣಕಾಸಿನ ಮೇಲೆ ನಿಯಂತ್ರಣ ಮಂಡಳಿಯೂ ಬಂತು.

ಆದ್ದರಿಂದ ಹೂಡಿಕೆದಾರರು ರೇಟಿಂಗ್ ಅಕ್ಷರಗಳಿಗೆ ತೃಪ್ತರಾಗದೆ ಪ್ರಸ್ತಾವನಾ ಪತ್ರದಲ್ಲಿ ಎರಡು ವಿಷಯಗಳನ್ನು ಹುಡುಕಬೇಕೆಂಬುದು ಅಂಕಣಕಾರರ ಅನುಭವದಿಂದ ಬಂದ ಅಭಿಪ್ರಾಯ. ಮೊದಲನೆಯದು, ವರ್ಷದ ಬಡ್ಡಿ ಮತ್ತು ಅಸಲಿನ ಹೊರೆಯನ್ನು ಒಟ್ಟು ಬಜೆಟ್ಟಿಗಲ್ಲ, ಸ್ವಂತ ವರಮಾನಕ್ಕೆ ಹೋಲಿಸುವುದು. ಉದಾಹರಣೆಗೆ 1,000 ಕೋಟಿ ರೂಪಾಯಿ ಬಜೆಟ್ಟಿನ ಪಾಲಿಕೆಯೊಂದರ ಸಾಲದ ಕಂತು 60 ಕೋಟಿ ರೂಪಾಯಿ ಎಂದಾದರೆ ಹೊರೆ ಶೇ 6 ಮಾತ್ರ ಎನಿಸುತ್ತದೆ. ಆದರೆ ಅದರಲ್ಲಿ 600 ಕೋಟಿ ಸರ್ಕಾರದ ಅನುದಾನವೇ ಆಗಿದ್ದರೆ, ಉಳಿದ 400 ಕೋಟಿಗೆ ಲೆಕ್ಕ ಹಾಕಿದಾಗ ಹೊರೆ ಶೇ 15ಕ್ಕೇರುತ್ತದೆ. ಎರಡನೆಯದು ಗುತ್ತಿಗೆದಾರರ ಬಾಕಿ ಬಿಲ್ಲು ಮತ್ತು ನೀರೆತ್ತುವ ಪಂಪುಗಳ ವಿದ್ಯುತ್ ಬಾಕಿ. ಇವು ಬಾಂಡೂ ಅಲ್ಲ, ಬ್ಯಾಂಕ್ ಸಾಲವೂ ಅಲ್ಲವಾದ್ದರಿಂದ ಸಾಲದ ಪಟ್ಟಿಯಲ್ಲಿ ಕಾಣದೆ, ಲೆಕ್ಕಪತ್ರದ ಚಾಲ್ತಿ ಹೊಣೆಗಾರಿಕೆಗಳ ಸಾಲಿನಲ್ಲಿ ಅಡಗಿರುತ್ತವೆ. ಆ ಮೊತ್ತ ಮೂರು ವರ್ಷಗಳಿಂದ ಏರುತ್ತಲೇ ಇದ್ದು ತೆರಿಗೆ ವಸೂಲಿ ಮಾತ್ರ ನಿಂತಲ್ಲೇ ನಿಂತಿದ್ದರೆ, ಪಾಲಿಕೆಯು ಮಿತಿಯ ಹೊರಗೆ ಈಗಾಗಲೇ ಸಾಲ ಮಾಡುತ್ತಿದೆ ಎಂದೇ ಅರ್ಥ.