ಒಗೆಯುವ ಯಂತ್ರದಲ್ಲಿ ನೀರು ನಿಲ್ಲದಿದ್ದರೆ

ನಮ್ಮ ಹಳ್ಳಿಗಳಿಗೂ ಬಟ್ಟೆ ಒಗೆಯುವ ಯಂತ್ರ ಬಂದಿದೆ. ತಂದವರಲ್ಲಿ ಕೆಲವರದು ಒಂದೇ ದೂರು: ಯಂತ್ರ ನೀರು ಕುಡಿಯುತ್ತಲೇ ಇರುತ್ತದೆ, ಒಗೆಯುವುದಿಲ್ಲ, ಮಾಳಿಗೆಯ ಮೇಲಿನ ತೊಟ್ಟಿ ಮಾತ್ರ ಬರಿದಾಗುತ್ತದೆ. ಯಂತ್ರ ಕೆಟ್ಟಿತೆಂದು ರಿಪೇರಿಯವನನ್ನು ಕರೆಸುವ ಮೊದಲು ಕೊಳಕು ನೀರು ಹೋಗುವ ಕೊಳವೆಯ ತುದಿ ಎಲ್ಲಿದೆಯೆಂದು ನೋಡಬೇಕು. ಬಹುಪಾಲು ದೋಷ ಅಲ್ಲಿಯೇ ಇರುತ್ತದೆ.

ಮುಂದುಗಡೆ ಬಾಗಿಲಿರುವ ಯಂತ್ರದಲ್ಲಿ ಕೊಳಕು ನೀರನ್ನು ಹೊರಹಾಕಲು ತಳದಲ್ಲಿ ಒಂದು ಸಣ್ಣ ಪಂಪು ಇರುತ್ತದೆ. ಆ ದಾರಿಯನ್ನು ಮುಚ್ಚುವ ಕವಾಟ ಸಾಮಾನ್ಯವಾಗಿ ಇರುವುದಿಲ್ಲ. ನೀರನ್ನು ಒಳಗೆ ತಡೆದು ನಿಲ್ಲಿಸುವುದು ಕೊಳವೆಯ ಎತ್ತರವೇ. ಒಳಗಿನ ನೀರಿನ ಮಟ್ಟಕ್ಕಿಂತ ಕೊಳವೆ ಮೇಲಿದ್ದರೆ ಪಂಪು ತಳ್ಳುವವರೆಗೂ ನೀರು ಹೋಗದು. ಕೊಳವೆಯನ್ನು ಬಚ್ಚಲಿನ ನೆಲದ ಮೇಲೆ ಬಿಟ್ಟರೆ ಬಂದ ನೀರು ಬಂದ ಹಾಗೆಯೇ ಹರಿದುಹೋಗುತ್ತದೆ.

ಕೊಳವೆಯನ್ನು ಎತ್ತಿ ಕಟ್ಟಿ, ತುದಿಯನ್ನು ಮತ್ತೆ ಕೆಳಕ್ಕೆ ಇಳಿಬಿಟ್ಟರೂ ತೊಂದರೆಯುಂಟು. ಪೀಪಾಯಿಯಿಂದ ಡೀಸೆಲ್ ತೆಗೆಯುವಾಗ ಪೈಪನ್ನು ಒಮ್ಮೆ ಎಳೆದು ತುದಿಯನ್ನು ತಗ್ಗಿಸಿದರೆ ಅದು ತಾನಾಗಿ ಸುರಿಯುವುದನ್ನು ರೈತರೆಲ್ಲ ನೋಡಿದ್ದಾರೆ. ಇಲ್ಲಿಯೂ ಹಾಗೆಯೇ. ಪಂಪು ಒಮ್ಮೆ ಕೊಳವೆಯನ್ನು ತುಂಬಿದರೆ ಸಾಕು, ಅದು ನಿಂತ ಮೇಲೂ ಒಳಗಿರುವ ನೀರನ್ನು ಇಳಿದ ತುದಿ ಎಳೆಯುತ್ತಿರುತ್ತದೆ. ಇದಕ್ಕೆ ಸೈಫನ್ ಎನ್ನುತ್ತಾರೆ. ನಡುವೆ ಗಾಳಿ ಹೊಕ್ಕರೆ ಮಾತ್ರ ಈ ಎಳೆತ ಮುರಿಯುತ್ತದೆ.

ಪರೀಕ್ಷೆ ಸುಲಭ. ಯಂತ್ರ ನೀರು ತುಂಬಿಕೊಳ್ಳುತ್ತಿರುವಾಗ ಅದನ್ನು ನಿಲ್ಲಿಸಿರಿ. ಪಂಪಿನ ಸದ್ದಿಲ್ಲದಿದ್ದರೂ ಕೊಳವೆಯಿಂದ ನೀರು ಸುರಿಯುತ್ತಿದ್ದರೆ ತುದಿಯನ್ನು ಸೊಂಟದ ಎತ್ತರಕ್ಕೆ ಎತ್ತಿ ಹಿಡಿಯಿರಿ. ಸುರಿಯುವುದು ನಿಂತರೆ ಯಂತ್ರದಲ್ಲಿ ದೋಷವಿಲ್ಲ, ಜೋಡಣೆಯಲ್ಲಿದೆ.

ನಾನು ನೋಡಿದ ಒಂದು ಮನೆಯಲ್ಲಿ ಕೊಳವೆಯನ್ನು ಗೋಡೆಯ ತೂತಿನಿಂದ ಹಿತ್ತಲಿಗೆ ಹಾಯಿಸಿ ತೆಂಗಿನ ಪಾತಿಗೆ ಬಿಟ್ಟಿದ್ದರು. ಪಾತಿ ಮನೆಯ ನೆಲಕ್ಕಿಂತ ಒಂದೂವರೆ ಅಡಿ ತಗ್ಗು. ಒಂದು ಗಂಟೆ ಕಳೆದರೂ ಬಟ್ಟೆ ಸರಿಯಾಗಿ ನೆನೆದಿರಲಿಲ್ಲ. ಮನೆಯಾಕೆ, "ತೆಂಗಿಗೆ ನೀರಾಯ್ತು ಬಿಡಿ, ಬಟ್ಟೆ ನಾನೇ ಒಗೀತೀನಿ" ಎಂದರು!

ಅಲ್ಲಿ ಮಾಡಿದ್ದು ಇಷ್ಟು. ಒಂದೂವರೆ ಅಂಗುಲದ ಪಿ.ವಿ.ಸಿ. ಪೈಪೊಂದನ್ನು ಯಂತ್ರದ ಪಕ್ಕದಲ್ಲಿ ಗೋಡೆಗೆ ನೆಟ್ಟಗೆ ನಿಲ್ಲಿಸಿ, ಅದರ ತೆರೆದ ಬಾಯಿ ನೆಲದಿಂದ ಎರಡೂವರೆ ಅಡಿ ಮೇಲಿರುವಂತೆ ಬಿಗಿದೆವು. ಬುಡಕ್ಕೆ ಎಲ್ಬೋ ಹಾಕಿ ಅದೇ ತೂತಿನಿಂದ ಪಾತಿಗೆ ಒಯ್ದೆವು. ಯಂತ್ರದ ಕೊಳವೆಯನ್ನು ಕೊಕ್ಕೆಯಂತೆ ಬಾಗಿಸಿ ಪೈಪಿನ ಬಾಯಿಯಲ್ಲಿ ಸುಮಾರು ನಾಲ್ಕು ಅಂಗುಲ ಮಾತ್ರ ಇಳಿಸಿ, ಜಾರದಂತೆ ದಾರದಿಂದ ಕಟ್ಟಿದೆವು. ಸುತ್ತಲೂ ಉಳಿದ ಸಂದಿನಲ್ಲಿ ಗಾಳಿ ಆಡುವುದರಿಂದ ಸೈಫನ್ ಹಿಡಿಯುವುದಿಲ್ಲ. ಚೆಂದಕ್ಕೆಂದು ಈ ಸಂದನ್ನು ಬಟ್ಟೆ ತುರುಕಿ ಅಥವಾ ಟೇಪು ಸುತ್ತಿ ಮುಚ್ಚಕೂಡದು. ಕೊಳವೆಯನ್ನು ಪೈಪಿನೊಳಗೆ ಆಳಕ್ಕೆ ನೂಕಲೂ ಕೂಡದು.

ಎತ್ತರಕ್ಕೂ ಮಿತಿಯುಂಟು. ಸಾಮಾನ್ಯವಾಗಿ ಎರಡು ಅಡಿಗಿಂತ ತಗ್ಗಬಾರದು, ಮೂರು ಅಡಿ ಮೀರಬಾರದು. ತೀರಾ ಮೇಲಾದರೆ ಪಂಪು ತಳ್ಳಲಾರದೆ ನೀರು ಒಳಗೇ ಉಳಿಯುತ್ತದೆ. ಯಂತ್ರದ ಜೊತೆಯ ಕೈಪಿಡಿಯಲ್ಲಿ ಬೇರೆ ಅಳತೆ ಕೊಟ್ಟಿದ್ದರೆ ಅದನ್ನೇ ಹಿಡಿಯಬೇಕು. ಪೈಪು ಪಾತಿಗೆ ಹೋಗದೆ ಕಕ್ಕಸಿನ ಗುಂಡಿಯ ಸಾಲಿಗೆ ಸೇರುವುದಾದರೆ, ಬುಡದಲ್ಲಿ ನೀರು ನಿಲ್ಲುವ ಬಾಗು ಇರತಕ್ಕದ್ದು. ಇಲ್ಲದಿದ್ದರೆ ದುರ್ವಾಸನೆ ಮನೆಯೊಳಗೆ ಬರುತ್ತದೆ. ಸೋಪಿನ ನೀರನ್ನು ಒಂದೇ ಪಾತಿಗೆ ವರ್ಷವಿಡೀ ಬಿಡುವುದೂ ಒಳ್ಳೆಯದಲ್ಲ. ಅದರಲ್ಲಿರುವ ಸೋಡದಿಂದ ಎರೆಮಣ್ಣು ಗಟ್ಟಿಯಾಗುತ್ತದೆ.

ಮೇಲಿನಿಂದ ಬಟ್ಟೆ ಹಾಕುವ ಯಂತ್ರಗಳಲ್ಲಿ ಹಲವಕ್ಕೆ ಈ ಮಾತು ಸಲ್ಲದು. ಅವುಗಳಲ್ಲಿ ಪಂಪಿಲ್ಲ, ತಳದ ಕವಾಟ ತೆರೆದಾಗ ನೀರು ತನ್ನ ಭಾರದಿಂದಲೇ ಇಳಿಯುತ್ತದೆ. ಅಂಥ ಯಂತ್ರದ ಕೊಳವೆ ನೆಲದ ಮೇಲೆಯೇ ಇಳಿಜಾರಾಗಿ ಇರಬೇಕು. ಎತ್ತಿ ಹೊಸ್ತಿಲು ದಾಟಿಸಿದರೆ ನೀರು ಪೂರ್ತಿ ಹೊರಹೋಗುವುದಿಲ್ಲ. ಆದ್ದರಿಂದ ನೆರೆಮನೆಯ ಜೋಡಣೆಯನ್ನು ನೋಡಿ ಹಾಗೆಯೇ ಮಾಡುವ ಮೊದಲು ನಿಮ್ಮ ಯಂತ್ರ ಯಾವ ಬಗೆಯದೆಂದು ತಿಳಿಯಿರಿ.

ನೀರು ಬರುವ ಕಡೆಯ ಕೆಲಸ ಕಡಿಮೆ. ಮುಕ್ಕಾಲು ಅಂಗುಲದ ಮರೆಯಿರುವ ನಲ್ಲಿಗೆ ಕೊಳವೆಯನ್ನು ರಬ್ಬರ್ ವಾಷರ್ ಸಹಿತ ಕೈಯಿಂದಲೇ ಬಿಗಿದರೆ ಸಾಕು. ಸ್ಪ್ಯಾನರ್ ಹಾಕಿ ತಿರುಗಿಸಿದರೆ ಪ್ಲಾಸ್ಟಿಕ್ ಮರೆ ಸೀಳುತ್ತದೆ. ನೀರು ಎಳೆಯಾಗಿ ಬರುತ್ತಿದ್ದರೆ, ಕೊಳವೆ ಯಂತ್ರಕ್ಕೆ ಸೇರುವಲ್ಲಿರುವ ಸಣ್ಣ ಜಾಲರಿಯನ್ನು ತೆಗೆದು ಮಣ್ಣು ತೊಳೆಯಿರಿ. ತೊಳೆದ ಮೇಲೂ ಹಾಗೆಯೇ ಇದ್ದರೆ ತೊಟ್ಟಿಯ ಎತ್ತರ ಸಾಲದು ಎಂದು ತಿಳಿಯಬೇಕು. ಆಗ ತೊಟ್ಟಿಯ ಕೆಳಗೆ ಕಟ್ಟೆ ಕಟ್ಟಿ ಎತ್ತರಿಸಬೇಕಾಗುತ್ತದೆ.